ಸಂದಿ ಕಿರಿದಾದರೆ ಬೆಳಕು ಹಿಗ್ಗುವುದೇಕೆ?

ಎರಡು ಶೇವಿಂಗ್ ಬ್ಲೇಡುಗಳ ಅಂಚುಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವೆ ಕಂಡೂ ಕಾಣದಷ್ಟು ಸಂದಿ ಬಿಟ್ಟು, ಅದರ ಮೂಲಕ ಕೆಂಪು ಲೇಸರ್ ಬೆಳಕನ್ನು ಹಾಯಿಸಿ. ಎರಡು ಮೀಟರ್ ದೂರದ ಗೋಡೆಯ ಮೇಲೆ ಬೀಳುವುದು ಆ ಸಂದಿಯ ಆಕಾರದ ತೆಳ್ಳನೆಯ ಗೆರೆಯಲ್ಲ. ನಡುವೆ ಅಗಲವಾದ, ಪ್ರಖರವಾದ ಒಂದು ಕೆಂಪು ಪಟ್ಟಿ, ಅದರ ಎರಡೂ ಬದಿಗೆ ಕತ್ತಲ ಗೆರೆ, ಆಮೇಲೆ ಮಂಕಾದ ಪಟ್ಟಿ, ಮತ್ತೆ ಕತ್ತಲು. ಸಂದಿ ನೆಟ್ಟಗೆ ನಿಂತಿದ್ದರೆ ಈ ಪಟ್ಟಿಗಳೆಲ್ಲ ಅಡ್ಡಡ್ಡಲಾಗಿ ಎಡಕ್ಕೂ ಬಲಕ್ಕೂ ಹರಡಿಕೊಂಡಿರುತ್ತವೆ. ಇದನ್ನೇ ಭೌತಶಾಸ್ತ್ರದಲ್ಲಿ ಏಕ ಸೀಳುಗಂಡಿಯ ವಿವರ್ತನೆ ಎನ್ನುತ್ತಾರೆ.

ಈಗ ಬ್ಲೇಡುಗಳನ್ನು ಇನ್ನಷ್ಟು ಹತ್ತಿರ ತನ್ನಿ. ಬೆಳಕಿನ ದಾರಿ ಕಿರಿದಾಯಿತು, ಗೋಡೆಯ ಮೇಲಿನ ಪಟ್ಟಿಯೂ ಕಿರಿದಾಗಬೇಕು ಎಂದು ಮನಸ್ಸು ಹೇಳುತ್ತದೆ. ಆಗುವುದು ತದ್ವಿರುದ್ಧ. ಸೀಳುಗಂಡಿ 0.2 ಮಿಲಿಮೀಟರ್ ಇದ್ದಾಗ 1.3 ಸೆಂಟಿಮೀಟರ್ ಅಗಲವಿದ್ದ ನಡುಪಟ್ಟಿ, ಗಂಡಿ 0.1 ಮಿಲಿಮೀಟರಿಗೆ ಇಳಿದಾಗ 2.6 ಸೆಂಟಿಮೀಟರ್ ಆಗುತ್ತದೆ. ಗಂಡಿಯನ್ನು 0.05ಕ್ಕೆ ಇಳಿಸಿದರೆ ಪಟ್ಟಿ 5.2ಕ್ಕೆ ಹಿಗ್ಗುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ ಬೆಳಕಿದ್ದ ಜಾಗವನ್ನು ಬಿಟ್ಟು ಕತ್ತಲಾದ ಜಾಗವನ್ನು ನೋಡಬೇಕು. ನಡುಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂದು ನಿರ್ಧರಿಸುವುದು ಅದರ ಎರಡು ಬದಿಯ ಮೊದಲ ಕತ್ತಲ ಗೆರೆಗಳೇ.

ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ವಿವರ್ತನೆಯ ಬಗ್ಗೆ 1818ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದ ಪ್ರಬಂಧದಲ್ಲಿ ಹಿಡಿದ ದಾರಿ ಇಂದಿಗೂ ಅತ್ಯಂತ ಸಲೀಸಾದದ್ದು. ಸೀಳುಗಂಡಿಯ ಉದ್ದಗಲದ ಪ್ರತಿಯೊಂದು ಬಿಂದುವಿನಿಂದಲೂ ಹೊಸದಾಗಿ ಅಲೆ ಹೊರಡುತ್ತದೆ ಎಂದುಕೊಳ್ಳಬೇಕು. ಗೋಡೆಯ ಯಾವುದೇ ಒಂದು ಜಾಗಕ್ಕೆ ಈ ಎಲ್ಲ ಅಲೆಗಳೂ ಬಂದು ಸೇರುತ್ತವೆ. ಉಬ್ಬಿನ ಜೊತೆ ಉಬ್ಬು ಕೂಡಿದರೆ ಬೆಳಕು ಹೆಚ್ಚುತ್ತದೆ, ಉಬ್ಬಿನ ಜೊತೆ ತಗ್ಗು ಕೂಡಿದರೆ ಎರಡೂ ಅಳಿಯುತ್ತವೆ. ಗೋಡೆಯ ನಟ್ಟನಡುವೆ ನಿಂತರೆ ಎಲ್ಲ ಅಲೆಗಳೂ ಹೆಚ್ಚುಕಡಿಮೆ ಒಂದೇ ದೂರ ಸಾಗಿ ಬಂದಿರುತ್ತವೆ. ಆದ್ದರಿಂದ ಅಲ್ಲಿ ಎಲ್ಲವೂ ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ತಗ್ಗುತ್ತವೆ. ಅಲ್ಲಿಯೇ ಬೆಳಕು ಅತ್ಯಂತ ಪ್ರಖರ.

ನಡುವಿನಿಂದ ನಿಧಾನವಾಗಿ ಬಲಕ್ಕೆ ಸರಿಯೋಣ. ಈಗ ಗಂಡಿಯ ಎಡ ಅಂಚಿನಿಂದ ಬರುವ ಅಲೆ, ಬಲ ಅಂಚಿನಿಂದ ಬರುವ ಅಲೆಗಿಂತ ತುಸು ಹೆಚ್ಚು ದೂರ ಸಾಗಬೇಕು. ಸರಿದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. ನಮ್ಮ ಲೇಸರಿನ ತರಂಗದೂರ, ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿನವರೆಗಿನ ಅಂತರ, 650 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. 0.1 ಮಿಲಿಮೀಟರ್ ಗಂಡಿಯಾದರೆ, ಗೋಡೆಯ ನಡುವಿನಿಂದ 13 ಮಿಲಿಮೀಟರ್ ಸರಿದಾಗ ಎರಡು ಅಂಚುಗಳ ದಾರಿಯ ವ್ಯತ್ಯಾಸ ಸರಿಯಾಗಿ 650 ನ್ಯಾನೋಮೀಟರ್, ಅಂದರೆ ಒಂದು ಪೂರ್ತಿ ತರಂಗದೂರ ಆಗುತ್ತದೆ.

ಇಲ್ಲಿ ಗಂಡಿಯನ್ನು ಮನಸ್ಸಿನಲ್ಲೇ ಎರಡು ಸಮಪಾಲು ಮಾಡಿ. ಎಡಪಾಲಿನ ಮೊದಲ ಬಿಂದುವನ್ನೂ ಬಲಪಾಲಿನ ಮೊದಲ ಬಿಂದುವನ್ನೂ ಜೋಡಿ ಮಾಡಿ. ಅವುಗಳ ನಡುವಿನ ಅಂತರ ಗಂಡಿಯ ಅರ್ಧ. ಆದ್ದರಿಂದ ಅವುಗಳ ದಾರಿಯ ವ್ಯತ್ಯಾಸವೂ ತರಂಗದೂರದ ಅರ್ಧ. ಒಂದರ ಉಬ್ಬು ಬರುವ ಹೊತ್ತಿಗೆ ಇನ್ನೊಂದರ ತಗ್ಗು ಬರುತ್ತದೆ, ಎರಡೂ ಅಳಿಯುತ್ತವೆ. ಎರಡನೆಯ ಬಿಂದುವಿಗೆ ಎರಡನೆಯದು, ಮೂರನೆಯದಕ್ಕೆ ಮೂರನೆಯದು, ಹೀಗೆ ಗಂಡಿಯ ಉದ್ದಕ್ಕೂ ಜೋಡಿ ಸಿಗುತ್ತಾ ಹೋಗುತ್ತದೆ. ಯಾವ ಅಲೆಯೂ ಒಂಟಿಯಾಗಿ ಉಳಿಯುವುದಿಲ್ಲ. ಅಲ್ಲಿ ಕತ್ತಲು. ಅದೇ ಮೊದಲ ಕನಿಷ್ಠ. ಎಡಬದಿಗೂ 13 ಮಿಲಿಮೀಟರ್ ದೂರದಲ್ಲಿ ಇದೇ ಕಥೆ ನಡೆಯುವುದರಿಂದ ನಡುಪಟ್ಟಿಯ ಅಗಲ 26 ಮಿಲಿಮೀಟರ್.

ಆರಂಭದ ಪ್ರಶ್ನೆಗೆ ಉತ್ತರ ಈ ಲೆಕ್ಕದೊಳಗೇ ಇದೆ. ಕತ್ತಲಾಗಬೇಕಾದರೆ ಎರಡು ಅಂಚುಗಳ ನಡುವೆ ಒಂದು ತರಂಗದೂರದಷ್ಟು ವ್ಯತ್ಯಾಸ ಬರಲೇಬೇಕು. ಅಂಚುಗಳು ದೂರ ದೂರ ಇದ್ದರೆ ಸ್ವಲ್ಪ ಓರೆಯಾದರೂ ಸಾಕು, ಆ ವ್ಯತ್ಯಾಸ ಬಂದುಬಿಡುತ್ತದೆ. ಅಂಚುಗಳು ಹತ್ತಿರವಿದ್ದರೆ ಅಷ್ಟೇ ವ್ಯತ್ಯಾಸಕ್ಕೆ ಹೆಚ್ಚು ಓರೆಯಾಗಬೇಕು. ಗಂಡಿ ಅರ್ಧವಾದರೆ ಓರೆ ದುಪ್ಪಟ್ಟಾಗಬೇಕು, ಕತ್ತಲ ಗೆರೆ ಎರಡರಷ್ಟು ದೂರಕ್ಕೆ ಹೋಗಬೇಕು. ಬೆಳಕು ಬ್ಲೇಡಿನ ಅಂಚಿಗೆ ತಾಗಿ ಚೆದುರುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಗಂಡಿ ಕಿರಿದಾದಾಗ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳಲು ಬೇಕಾದ ವ್ಯತ್ಯಾಸ ಬೇಗ ಸಿಗುವುದಿಲ್ಲ, ಅದಕ್ಕೇ ಬೆಳಕು ಅಷ್ಟು ದೂರದವರೆಗೆ ಉಳಿದುಕೊಳ್ಳುತ್ತದೆ.

ಇಷ್ಟನ್ನೂ ಪಿಯುಸಿ ಪುಸ್ತಕ ಒಂದು ಸಾಲಿನಲ್ಲಿ ಬರೆಯುತ್ತದೆ: a sin θ = mλ. ಇಲ್ಲಿ a ಗಂಡಿಯ ಅಗಲ, λ ತರಂಗದೂರ, θ ಓರೆಯ ಕೋನ, m ಎಂಬುದು 1, 2, 3 ಹೀಗೆ. ಎಡಬದಿಗಾದರೆ −1, −2. ಗೋಡೆ D ದೂರದಲ್ಲಿದ್ದು ಕೋನ ಚಿಕ್ಕದಾಗಿದ್ದರೆ ನಡುಪಟ್ಟಿಯ ಅಗಲ 2λD/a.

ಈ ಸೂತ್ರದ ಮುಂದೆ ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. ಯಂಗ್ ಅವರ ಎರಡು ಸೀಳುಗಂಡಿಗಳ ಪ್ರಯೋಗದಲ್ಲಿ ದಾರಿಯ ವ್ಯತ್ಯಾಸ ಒಂದು ತರಂಗದೂರವಾದರೆ ಬೆಳಕು ಬರುತ್ತದೆ. ಇಲ್ಲಿ ಅದೇ ವ್ಯತ್ಯಾಸಕ್ಕೆ ಕತ್ತಲು. ಇದು ವಿರೋಧಾಭಾಸದಂತೆ ಕಾಣುತ್ತದೆ, ಆದರೆ ಹೋಲಿಸುತ್ತಿರುವ ವಸ್ತುಗಳೇ ಬೇರೆ. ಅಲ್ಲಿರುವುದು ಎರಡೇ ಅಲೆ, ಅವು ಪೂರ್ತಿ ಒಂದು ತರಂಗದೂರ ಹಿಂದುಮುಂದಾದರೆ ಉಬ್ಬಿಗೆ ಉಬ್ಬೇ ಸಿಗುತ್ತದೆ. ಇಲ್ಲಿಯೂ ಎರಡು ಅಂಚುಗಳ ಅಲೆಗಳು ಪರಸ್ಪರ ಕೂಡಿಕೊಳ್ಳುತ್ತವೆ ನಿಜ. ಆದರೆ ಅಂಚುಗಳ ನಡುವೆ ಲೆಕ್ಕವಿಲ್ಲದಷ್ಟು ಬಿಂದುಗಳಿವೆ, ಕತ್ತಲು ಅವೆಲ್ಲದರ ಒಟ್ಟು ಫಲ. m ಸೊನ್ನೆಯಾದಾಗ ಕತ್ತಲಿಲ್ಲ ಎಂಬುದನ್ನೂ ಮರೆಯಬಾರದು. ಅದು ನಟ್ಟನಡುವಿನ ಪ್ರಖರ ಬಿಂದು. ಆ ಒಂದು ಕತ್ತಲ ಗೆರೆ ಇಲ್ಲದ್ದರಿಂದಲೇ ನಡುಪಟ್ಟಿ ಪಕ್ಕದ ಪಟ್ಟಿಗಳ ಎರಡರಷ್ಟು ಅಗಲವಾಗಿದೆ.

ಪಕ್ಕದ ಪಟ್ಟಿಗಳು ಮಂಕಾಗಿರುವುದಕ್ಕೂ ಇದೇ ಜೋಡಿ ಲೆಕ್ಕ ಕಾರಣ. ಅಂಚುಗಳ ವ್ಯತ್ಯಾಸ ಒಂದೂವರೆ ತರಂಗದೂರ ಇರುವ ಕಡೆ ಗಂಡಿಯನ್ನು ಮೂರು ಪಾಲು ಮಾಡಬಹುದು. ಎರಡು ಪಾಲು ಒಂದನ್ನೊಂದು ಅಳಿಸುತ್ತವೆ, ಮೂರನೆಯ ಪಾಲು ಮಾತ್ರ ಉಳಿಯುತ್ತದೆ. ಆ ಒಂದು ಪಾಲಿನೊಳಗಿನ ಅಲೆಗಳೂ ಪೂರ್ತಿ ಹೊಂದಿಕೊಂಡಿರುವುದಿಲ್ಲ. ಹಾಗಾಗಿ ಮೊದಲ ಪಕ್ಕದ ಪಟ್ಟಿಯ ಪ್ರಖರತೆ ನಡುವಿನ ಸುಮಾರು ಶೇಕಡ 4.7 ಮಾತ್ರ.

ಗಂಡಿ ಕಿರಿದು ಮಾಡಿ ಪಟ್ಟಿ ಹಿಗ್ಗಿಸಿದಾಗ ಬೆಳಕು ಪುಕ್ಕಟೆಯಾಗಿ ಹೆಚ್ಚುವುದಿಲ್ಲ. ಅರ್ಧ ಗಂಡಿಯಲ್ಲಿ ಅರ್ಧದಷ್ಟೇ ಬೆಳಕು ಹಾಯುತ್ತದೆ, ಅದೂ ಎರಡರಷ್ಟು ಅಗಲಕ್ಕೆ ಹರಡುತ್ತದೆ. ನಡುವಿನ ಪ್ರಖರತೆ ಕಾಲುಭಾಗಕ್ಕೆ ಇಳಿಯುತ್ತದೆ. ತೀರಾ ಕಿರಿದಾದ ಗಂಡಿಯ ಪ್ರಯೋಗಕ್ಕೆ ಕೋಣೆಯನ್ನು ಚೆನ್ನಾಗಿ ಕತ್ತಲು ಮಾಡಬೇಕಾಗುವುದು ಇದಕ್ಕೇ.

ಸೂತ್ರಕ್ಕೆ ಎರಡು ತುದಿಯಲ್ಲೂ ಮಿತಿ ಇದೆ. ಗಂಡಿ ಕಿರಿದಾಗುತ್ತಾ ತರಂಗದೂರದಷ್ಟೇ ಆದರೆ ಮೊದಲ ಕತ್ತಲ ಗೆರೆಯ ಕೋನ 90 ಡಿಗ್ರಿಗೆ ಹೋಗುತ್ತದೆ. ಅದಕ್ಕಿಂತ ಕಿರಿದಾದರೆ ಕತ್ತಲ ಗೆರೆಯೇ ಇಲ್ಲ. ಅತ್ತ ಗಂಡಿ 5 ಮಿಲಿಮೀಟರ್ ಇದ್ದರೆ, ಎರಡು ಮೀಟರ್ ದೂರದ ಗೋಡೆಯಲ್ಲಿ ನಡುಪಟ್ಟಿ ಅರ್ಧ ಮಿಲಿಮೀಟರಿನಷ್ಟು ಎಂದು ಸೂತ್ರ ಹೇಳುತ್ತದೆ. ಅದು ಸುಳ್ಳು ಎಂದು ಕಣ್ಣಿಗೇ ಗೊತ್ತಾಗುತ್ತದೆ, ಗೋಡೆಯ ಮೇಲೆ ಇರುವುದು ಗಂಡಿಯಷ್ಟೇ ಅಗಲದ ಬೆಳಕು. ಗೋಡೆಯ ದೂರ a²/λ ಎಂಬ ಅಳತೆಗಿಂತ ಸಾಕಷ್ಟು ಹೆಚ್ಚಿರಬೇಕು ಎಂಬ ಷರತ್ತು ಇಲ್ಲಿ ಮುರಿದಿದೆ. 0.1 ಮಿಲಿಮೀಟರ್ ಗಂಡಿಗೆ ಆ ಅಳತೆ ಒಂದೂವರೆ ಸೆಂಟಿಮೀಟರ್, 5 ಮಿಲಿಮೀಟರ್ ಗಂಡಿಗೆ ಸುಮಾರು 38 ಮೀಟರ್. ಬಾಗಿಲು ಕಿಟಕಿಗಳಲ್ಲಿ ಬೆಳಕು ಹೀಗೆ ಹರಡುವುದು ಕಾಣದಿರುವುದರ ಕಾರಣವೂ ಇಲ್ಲಿದೆ.

ಮನೆಯಲ್ಲಿ ಅಳೆದು ನೋಡುವವರಿಗೆ ಬ್ಲೇಡಿಗಿಂತ ತಲೆಕೂದಲು ಸುಲಭ. ಒಂದು ಕೂದಲನ್ನು ನೆಟ್ಟಗೆ ಬಿಗಿದು ಲೇಸರಿಗೆ ಅಡ್ಡ ಹಿಡಿದರೆ, ಅದರ ದಪ್ಪದಷ್ಟೇ ಅಗಲದ ಗಂಡಿ ಕೊಡುವ ಜಾಗಗಳಲ್ಲೇ ಕತ್ತಲ ಗೆರೆಗಳು ಮೂಡುತ್ತವೆ. ನಡುವೆ ಲೇಸರಿನ ನೇರ ಚುಕ್ಕೆ ಕಣ್ಣು ಕೋರೈಸುವುದರಿಂದ ನಡುಪಟ್ಟಿಯನ್ನು ಅಳೆಯಲು ಹೋಗಬೇಡಿ, ಹೊಳೆಯುವ ಪಟ್ಟಿಗಳ ಅಂಚನ್ನೂ ನಂಬಬೇಡಿ. ಕತ್ತಲ ಗೆರೆಗಳನ್ನು ಪೆನ್ಸಿಲಿನಿಂದ ಗುರುತು ಮಾಡಿ. ಎಡಗಡೆಯ ಮೂರನೆಯ ಕತ್ತಲಿನಿಂದ ಬಲಗಡೆಯ ಮೂರನೆಯ ಕತ್ತಲಿಗೆ 10 ಸೆಂಟಿಮೀಟರ್ ಬಂದಿತೆನ್ನಿ. ಅದರಲ್ಲಿ ಅಂಥ ಆರು ಅಂತರಗಳಿವೆ. 650 ನ್ಯಾನೋಮೀಟರನ್ನು ಎರಡು ಮೀಟರಿನಿಂದಲೂ ಆರರಿಂದಲೂ ಗುಣಿಸಿ, 10 ಸೆಂಟಿಮೀಟರಿನಿಂದ ಭಾಗಿಸಿದರೆ ಕೂದಲಿನ ದಪ್ಪ 0.078 ಮಿಲಿಮೀಟರ್. ತೆಳುವಾದ ಮಗುವಿನ ಕೂದಲು ಹಿಡಿದರೆ ಗೆರೆಗಳು ಇನ್ನೂ ದೂರ ಸರಿಯುವುದನ್ನು ಕಾಣಬಹುದು. ಲೇಸರನ್ನು ಯಾರ ಕಣ್ಣಿಗೂ ತೋರಿಸಬಾರದು, ಹೊಳೆಯುವ ಬ್ಲೇಡಿನಿಂದ ಅದು ಪ್ರತಿಫಲಿಸುತ್ತದೆ ಎಂಬ ಎಚ್ಚರವೂ ಇರಲಿ.

ಇಲ್ಲಿಯವರೆಗೆ ಬೆಳಕು ಗಂಡಿಗೆ ನೇರವಾಗಿ ಬೀಳುತ್ತದೆ ಎಂದೇ ಲೆಕ್ಕ ಹಾಕಿದ್ದೇವೆ. ತೀರಾ ಓರೆಯಾಗಿ ಬಿದ್ದರೆ? ಓರೆಯಿಂದ ನೋಡಿದಾಗ ಅಗಲವಾದ ಗಂಡಿಯೂ ಕಿರಿದಾಗಿ ಕಾಣುತ್ತದೆ, ಬೆಳಕಿನ ಪಾಲಿಗೂ ಅದು ಕಿರಿದೇ, ಆದ್ದರಿಂದ ಪಟ್ಟಿಗಳು ಹಿಗ್ಗುತ್ತವೆ. ಜೊತೆಗೆ ಎರಡು ಬದಿಯ ಸಮತೋಲ ತಪ್ಪುತ್ತದೆ. ಗಂಡಿಯ ಸಮತಲದ ಕಡೆಗೆ ವಾಲಿದ ಬದಿಯಲ್ಲಿ ಅದು ಮತ್ತಷ್ಟು ಕಿರಿದಾಗುತ್ತಾ ಹೋಗುವುದರಿಂದ ಅಲ್ಲಿನ ಪಟ್ಟಿಗಳು ಇನ್ನೊಂದು ಬದಿಯವಕ್ಕಿಂತ ಅಗಲ. ಈ ಅಸಮ ಪಟ್ಟಿಗಳನ್ನು ಗಮನಿಸಿ, ಅಳೆದು, ಸೂತ್ರದೊಡನೆ ಹೋಲಿಸಿದವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಒಬ್ಬ ವಿದ್ಯಾರ್ಥಿ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್ ಅವರ ಮೊತ್ತಮೊದಲ ಸಂಶೋಧನಾ ಲೇಖನ ಇದು. 1906ರ ನವೆಂಬರಿನಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಅದನ್ನು ಪ್ರಕಟಿಸಿದಾಗ ಅವರ ವಯಸ್ಸು 18.