ಆಕಾರ ಕದಲದೆ ಘಾತ ಏರುವ ಬಗೆ

ಮದುವೆ ಕಾಗದವನ್ನೋ ಪುಸ್ತಕದ ಮುಖಪುಟವನ್ನೋ ಮುದ್ರಣಕ್ಕೆ ಕಳಿಸುವ ಮೊದಲು ಡಿಟಿಪಿಯವರು ಅಕ್ಷರಗಳನ್ನೆಲ್ಲ 'ಕರ್ವ್ಸ್' ಮಾಡುತ್ತಾರೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡಬಾರದು ಎಂಬುದು ಇದರ ಉದ್ದೇಶ. ಒಂದು ಗುಂಡಿ ಒತ್ತಿದರೆ 'ಠ' ಅಕ್ಷರ ಬಿಂದುಗಳ ಸರಣಿಯಾಗಿ ಬಿಚ್ಚಿಕೊಳ್ಳುತ್ತದೆ. ಅದು ಟ್ರೂಟೈಪ್ ಫಾಂಟ್ ಆಗಿದ್ದರೆ, ಆ ಕ್ಷಣದಲ್ಲಿ ಅದರ ಪ್ರತಿಯೊಂದು ವಕ್ರರೇಖೆಯ ಘಾತವೂ ಎರಡರಿಂದ ಮೂರಕ್ಕೆ ಏರಿರುತ್ತದೆ. ಆಕಾರದಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಹೀಗೆ ಏರಿಸಬೇಕಾದ ಅಗತ್ಯ ಬಂದದ್ದು ಎರಡು ಪದ್ಧತಿಗಳು ಜೊತೆಯಲ್ಲೇ ಬೆಳೆದದ್ದರಿಂದ. ಫ್ರಾನ್ಸಿನ ಕಾರು ಕಂಪನಿಗಳಾದ ಸಿಟ್ರೊಯೆನ್‌ನಲ್ಲಿ ಪಾಲ್ ದ ಕ್ಯಾಸ್ಟಲ್‌ಜೋ ಮತ್ತು ರೆನೋದಲ್ಲಿ ಪಿಯರ್ ಬೆಝಿಯೆ ಕಾರಿನ ಮೈಯ ಬಳುಕನ್ನು ಕೆಲವೇ ಬಿಂದುಗಳಿಂದ ಹಿಡಿದಿಡುವ ದಾರಿಯನ್ನು ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ ಈ ರೇಖೆಗಳಲ್ಲಿ ಘನ ಬಗೆಯನ್ನು, ಅಂದರೆ ನಾಲ್ಕು ಬಿಂದುಗಳ ರೇಖೆಯನ್ನು ಆರಿಸಿಕೊಂಡಿತು. 1991ರಲ್ಲಿ ಆಪಲ್ ಹೊರತಂದ ಟ್ರೂಟೈಪ್ ಮೂರು ಬಿಂದುಗಳ ವರ್ಗ ರೇಖೆಗೆ ಒಲಿಯಿತು. ಪೋಸ್ಟ್‌ಸ್ಕ್ರಿಪ್ಟ್‌ನ ಹಾದಿಯಲ್ಲೇ ಬಂದ ಪಿಡಿಎಫ್‌ಗೆ ರೇಖಾಚಿತ್ರದಲ್ಲಿ ವರ್ಗ ರೇಖೆ ಎಳೆಯುವ ಆದೇಶವೇ ಇಲ್ಲ. ಹಾಗಾಗಿ ಟ್ರೂಟೈಪ್ ಅಕ್ಷರ ರೇಖೆಯಾಗಿ ಅದರೊಳಗೆ ಹೋಗಬೇಕಾದರೆ ಘನ ರೂಪಕ್ಕೆ ಬರಲೇಬೇಕು.

ವರ್ಗ ರೇಖೆಯ ಮೂರು ಬಿಂದುಗಳನ್ನು P0, P1, P2 ಎನ್ನೋಣ. ರೇಖೆ P0ಯಲ್ಲಿ ಹೊರಟು P2ರಲ್ಲಿ ಮುಗಿಯುತ್ತದೆ. ನಡುವಿನ P1 ಅದನ್ನು ತನ್ನತ್ತ ಸೆಳೆಯುತ್ತದೆ, ಆದರೆ ರೇಖೆ ಅದನ್ನು ಮುಟ್ಟುವುದಿಲ್ಲ. t ಎಂಬ ಸಂಖ್ಯೆ 0ಯಿಂದ 1ರವರೆಗೆ ಸಾಗಿದಂತೆ ರೇಖೆಯ ಮೇಲಿನ ಸ್ಥಾನ ಹೀಗಿರುತ್ತದೆ:

(1−t)² P0 + 2t(1−t) P1 + t² P2

ಇದನ್ನು 1ರಿಂದ ಗುಣಿಸಿದರೆ ಏನೂ ಬದಲಾಗದು. ಆದರೆ ಆ 1 ಅನ್ನು (1−t) + t ಎಂದು ಬರೆದುಕೊಂಡು ಗುಣಿಸಿ ನೋಡಿ. ½ ಅನ್ನು 3/6 ಎಂದು ಬರೆದ ಹಾಗೆ ಬೆಲೆ ಅದೇ ಉಳಿದು ಬರಹ ಮಾತ್ರ ಬದಲಾಗುತ್ತದೆ:

(1−t)³ P0 + t(1−t)² (P0 + 2P1) + t²(1−t) (2P1 + P2) + t³ P2

ನಾಲ್ಕು ಬಿಂದುಗಳ ಘನ ರೇಖೆಯ ಸೂತ್ರದಲ್ಲಿ ನಡುವಿನ ಎರಡು ಪದಗಳಿಗೆ 3ರ ಗುಣಕ ಇರುತ್ತದೆ. ಅದಕ್ಕೆ ಹೊಂದಿಸಿದರೆ ಹೊಸ ಬಿಂದುಗಳು ತಾವಾಗಿಯೇ ಸಿಗುತ್ತವೆ:

Q0 = P0
Q1 = (P0 + 2P1) / 3
Q2 = (2P1 + P2) / 3
Q3 = P2

ಎರಡು ತುದಿಗಳಿಂದಲೂ P1ರ ಕಡೆಗೆ ಮೂರರಲ್ಲಿ ಎರಡು ಪಾಲು ದೂರ ನಡೆದು ನಿಂತರೆ ಹೊಸ ಹಿಡಿಕೆಗಳ ಜಾಗ ಸಿಕ್ಕಿತು.

ಲೆಕ್ಕ ಹಾಕಿ ನೋಡೋಣ. P0 = (0, 0), P1 = (300, 600), P2 = (900, 0) ಇರಲಿ. ಆಗ Q1 = (200, 400), Q2 = (500, 400). t = ½ ಇಟ್ಟರೆ ಹಳೆಯ ಸೂತ್ರದಲ್ಲಿ (375, 300) ಬರುತ್ತದೆ. ಹೊಸದರಲ್ಲಿ ಅಡ್ಡಳತೆ (0 + 600 + 1500 + 900) / 8 = 375, ಎತ್ತರ (1200 + 1200) / 8 = 300. ಅದೇ ಬಿಂದು.

ಸೂತ್ರ ಗೊತ್ತಿಲ್ಲದೆ ಸ್ವಂತ ಪ್ರೋಗ್ರಾಂ ಬರೆಯುವವರು ಎಡವುವುದು ಇಲ್ಲೇ. ಎರಡೂ ಹಿಡಿಕೆಗಳನ್ನು P1ರಲ್ಲೇ ಕೂರಿಸಿಬಿಟ್ಟರೆ ಎತ್ತರ 300ರ ಬದಲು 450 ಆಗಿ ಅಕ್ಷರದ ಹೊಟ್ಟೆ ಉಬ್ಬುತ್ತದೆ. ಅರ್ಧ ದಾರಿಯಲ್ಲಿ ನಿಲ್ಲಿಸಿದರೆ 225ಕ್ಕೆ ಇಳಿದು ಚಪ್ಪಟೆಯಾಗುತ್ತದೆ. ಟ್ರೂಟೈಪ್‌ನಲ್ಲಿ ಇನ್ನೊಂದು ಮರೆಯ ಸಂಗತಿಯಿದೆ. ರೇಖೆಯ ಹೊರಗಿನ ಎರಡು ಬಿಂದುಗಳು ಒಂದರ ಪಕ್ಕ ಒಂದು ಬಂದರೆ, ಅವುಗಳ ನಟ್ಟನಡುವೆ ರೇಖೆಯ ಮೇಲಿನ ಬಿಂದುವೊಂದು ಇದೆ ಎಂದೇ ಅರ್ಥ; ಜಾಗ ಉಳಿಸಲು ಅದನ್ನು ಕಡತದಲ್ಲಿ ಬರೆದಿರುವುದಿಲ್ಲ. ಅದನ್ನು ಮೊದಲು ಸೇರಿಸಿಕೊಂಡು, ಆಮೇಲೆ ಘಾತ ಏರಿಸಬೇಕು.

ಘಾತ ಎಷ್ಟೇ ಇದ್ದರೂ ಇದೇ ತಂತ್ರ ನಡೆಯುತ್ತದೆ. n ಘಾತದ ರೇಖೆಯನ್ನು n+1ಕ್ಕೆ ಏರಿಸುವ ಸೂತ್ರ ಹೀಗಿದೆ:

Qi = (i/(n+1)) P(i−1) + (1 − i/(n+1)) Pi,   i = 0, 1, …, n+1

i = 0 ಆದಾಗ ಮೊದಲ ಪದಕ್ಕೂ i = n+1 ಆದಾಗ ಎರಡನೆಯ ಪದಕ್ಕೂ ಸೊನ್ನೆ ಗುಣಕ ಬರುವುದರಿಂದ ತುದಿಗಳು ಅಲುಗುವುದಿಲ್ಲ. ನಡುವಿನ ಪ್ರತಿ ಹೊಸ ಬಿಂದುವೂ ಹಳೆಯ ಎರಡು ನೆರೆಬಿಂದುಗಳನ್ನು ಸೇರಿಸುವ ಗೆರೆಯ ಮೇಲೆಯೇ ಇರುತ್ತದೆ. ನಮ್ಮ ಘನ ರೇಖೆಯನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ (0, 0), (150, 300), (350, 400), (600, 300), (900, 0) ಬರುತ್ತವೆ.

ಬಿಂದುಗಳನ್ನು ಸಾಲಾಗಿ ಜೋಡಿಸಿದ ಮುರಿಗೆರೆ ಹೀಗೆ ಮೂಲೆ ಸವೆಸಿಕೊಂಡು ರೇಖೆಗೆ ಹತ್ತಿರವಾಗುತ್ತಾ ಹೋಗುತ್ತದೆ. ಹಾಗಿದ್ದರೆ ಘಾತ ಏರಿಸುತ್ತಲೇ ಹೋಗಿ ಆ ಮುರಿಗೆರೆಯನ್ನೇ ರೇಖೆಯೆಂದು ಎಳೆದುಬಿಡಬಹುದಲ್ಲವೇ? ತಾತ್ವಿಕವಾಗಿ ಸರಿ, ಆದರೆ ಅದು ಲಾಭವಿಲ್ಲದ ಕೆಲಸ. ನಮ್ಮ ಉದಾಹರಣೆಯಲ್ಲಿ ರೇಖೆಯ ನೆತ್ತಿ 300ರಲ್ಲಿದೆ. n ಸಮಸಂಖ್ಯೆಯಾದಾಗ ಮುರಿಗೆರೆಯ ನೆತ್ತಿ 300n/(n−1). ಎರಡನೆಯ ಘಾತದಲ್ಲಿ ಅದು 600, ನಾಲ್ಕರಲ್ಲಿ 400, ಹತ್ತರಲ್ಲಿ ಸುಮಾರು 333. ನೂರನೆಯ ಘಾತಕ್ಕೆ ಹೋಗಿ 101 ಬಿಂದುಗಳನ್ನು ಹೊತ್ತರೂ ಇನ್ನೂ 3 ಮಾನ ಉಳಿದೇ ಇರುತ್ತದೆ. ಅದರ ಬದಲು ಕ್ಯಾಸ್ಟಲ್‌ಜೋ ವಿಧಾನದಿಂದ ರೇಖೆಯನ್ನು ಅರ್ಧರ್ಧ ಮಾಡುತ್ತಾ ಹೋದರೆ ಪ್ರತಿ ಸಲವೂ ಅಂತರ ಕಾಲು ಭಾಗಕ್ಕೆ ಇಳಿಯುತ್ತದೆ. ತೆರೆಯ ಮೇಲೆ ಚಿತ್ರ ಮೂಡಿಸಲು ಒದಗುವುದು ಈ ಒಡೆಯುವ ವಿಧಾನವೇ. ಘಾತ ಏರಿಸುವುದು ಬೇಕಾಗುವುದು ಬೇರೆ ಕಾರಣಗಳಿಗೆ: ಎರಡು ಪದ್ಧತಿಗಳನ್ನು ಹೊಂದಿಸಲು, ಬೇರೆಬೇರೆ ಘಾತದ ರೇಖೆಗಳನ್ನು ಸೇರಿಸಿ ಒಂದು ಮೇಲ್ಮೈ ಕಟ್ಟಲು, ಅಥವಾ ತಿದ್ದುವಾಗ ಇನ್ನೊಂದು ಹಿಡಿಕೆ ಇರಲಿ ಎಂಬುದಕ್ಕೆ.

ಇನ್ನು ಇಳಿಯುವ ಮಾತು. ಘನ ರೇಖೆಯೊಂದು ನಿಜವಾಗಿ ವರ್ಗ ರೇಖೆಯೇ ವೇಷ ಬದಲಿಸಿ ಬಂದದ್ದೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ: Q3 − 3Q2 + 3Q1 − Q0 ಸೊನ್ನೆಯಾಗಬೇಕು. ಸೊನ್ನೆಯಾದರೆ P1 = (3Q1 − Q0)/2 ಎಂದು ಹಳೆಯ ಬಿಂದುವನ್ನು ಮರಳಿ ಪಡೆಯಬಹುದು. ಆಗದಿದ್ದರೆ ಇಳಿಸುವುದೆಂದರೆ ಅಂದಾಜು ಮಾಡುವುದು.

ಆ ಪರೀಕ್ಷೆಯನ್ನು ಕೆಡಿಸುವುದು ಪೂರ್ಣಾಂಕ. ಫಾಂಟ್ ಕಡತಗಳಲ್ಲಿ ಬಿಂದುಗಳನ್ನು ಸಾಮಾನ್ಯವಾಗಿ ಪೂರ್ಣಾಂಕಗಳಲ್ಲೇ ಬರೆಯುತ್ತಾರೆ, ನಾವೋ ಮೂರರಿಂದ ಭಾಗಿಸುತ್ತಿದ್ದೇವೆ. (0, 0), (100, 250), (310, 0) ತೆಗೆದುಕೊಳ್ಳಿ. Q1 ಸಿಗುವುದು (66.67, 166.67), Q2 (170, 166.67). ಹತ್ತಿರದ ಪೂರ್ಣಾಂಕಕ್ಕೆ ತಂದರೆ (67, 167) ಮತ್ತು (170, 167). ರೇಖೆ ಕದಲುವುದು ಹೆಚ್ಚೆಂದರೆ ಮಾನದ ಕಾಲು ಭಾಗದಷ್ಟು. ಅದು ಯಾರ ಕಣ್ಣಿಗೂ ಬೀಳದು. ಆದರೆ ಅಡ್ಡಳತೆಯ ಪರೀಕ್ಷೆ ಈಗ 310 − 510 + 201 = 1 ಎನ್ನುತ್ತದೆ. Q1ರ ಕಡೆಯಿಂದ ಲೆಕ್ಕ ಹಾಕಿದರೆ ಹಳೆಯ ಬಿಂದು 100.5ರಲ್ಲಿತ್ತು ಎಂದೂ Q2ರ ಕಡೆಯಿಂದ 100ರಲ್ಲಿತ್ತು ಎಂದೂ ಬರುತ್ತದೆ. ಪರೀಕ್ಷೆಯಲ್ಲಿ ಒಂದಿಷ್ಟು ಸಡಿಲ ಬಿಡದ ತಂತ್ರಾಂಶ ಇದನ್ನು ಅಪ್ಪಟ ಘನ ರೇಖೆ ಎಂದೇ ನಂಬಿ, ಟ್ರೂಟೈಪ್‌ಗೆ ಮರಳಿಸುವಾಗ ಒಂದು ರೇಖೆಯ ಜಾಗದಲ್ಲಿ ಎರಡೋ ಮೂರೋ ತುಂಡು ಕೂರಿಸಬಹುದು. ಮೈಯೆಲ್ಲ ದುಂಡಾಗಿರುವ ಕನ್ನಡ ಅಕ್ಷರಕ್ಕೆ ಹೀಗೆ ಅಂಟಿಕೊಳ್ಳುವ ಬಿಂದುಗಳೂ ಹೆಚ್ಚು.

ಟ್ರೂಟೈಪ್ ಮೂಲದ ಫಾಂಟ್ ತಿದ್ದುವವರು ವರ್ಗ ರೇಖೆಯ ಮೂಲ ಕಡತವನ್ನು ಹಾಗೆಯೇ ಇಟ್ಟುಕೊಳ್ಳಿ, ಘನ ರೂಪವನ್ನು ಮುದ್ರಣಕ್ಕೆ ಕಳಿಸುವಾಗ ಮಾತ್ರ ತೆಗೆಯಿರಿ.