ಮೊದಲ ಸ್ಥಾನದ ಜಾಹೀರಾತು: ಹೆಚ್ಚುವರಿ ಕ್ಲಿಕ್‌ಗೆ ನಿಜವಾಗಿ ಎಷ್ಟು ಕೊಡ್ತಿದ್ದೀವಿ?

ಧಾರವಾಡದಲ್ಲಿ ಗೆಳೆಯನೊಬ್ಬ ಸ್ಪರ್ಧಾತ್ಮಕ ಪರೀಕ್ಷೆಗಳ ಪುಟ್ಟ ಕೋಚಿಂಗ್ ಸೆಂಟರ್ ನಡೆಸ್ತಾನೆ. ಅವನ ಗೂಗಲ್ ಜಾಹೀರಾತು ನೋಡಿಕೊಳ್ಳೋದು ನಾನು. ಅವನದು ಒಂದೇ ಹಟ: "ಖರ್ಚಾದ್ರೂ ಅಡ್ಡಿಯಿಲ್ಲ, ನಮ್ ಹೆಸ್ರು ಎಲ್ಲಾರ್ಕಿಂತ ಮ್ಯಾಲ ಬರಬೇಕು ನೋಡಪಾ."

ಸರ್ಚ್ ಜಾಹೀರಾತಿನ ಜಾಗ ಹರಾಜಾಗುತ್ತೆ. ಯಾರಾದರೂ ಹುಡುಕಿದ ಪ್ರತಿ ಸಲವೂ ಹೊಸ ಹರಾಜು. ಬಿಡ್ ಮೊತ್ತದ ಜೊತೆಗೆ ಜಾಹೀರಾತಿನ ಗುಣಮಟ್ಟವನ್ನೂ ತೂಗಿ ಗೂಗಲ್ ಸ್ಥಾನ ಕೊಡುತ್ತೆ. ಹಣ ಕಟ್ಟಬೇಕಾದದ್ದು ಯಾರಾದರೂ ಕ್ಲಿಕ್ ಮಾಡಿದಾಗ ಮಾತ್ರ.

ನಾವು ಮೂರು ಸ್ಥಾನಗಳನ್ನೂ ಒಂದೊಂದು ವಾರ ಪ್ರಯತ್ನಿಸಿದೆವು. ಮೂರನೇ ಸ್ಥಾನದಲ್ಲಿ ತಲಾ 12 ರೂಪಾಯಿಗೆ 100 ಕ್ಲಿಕ್ ಬಂದವು, ಖರ್ಚು 1,200. ಎರಡನೆಯದರಲ್ಲಿ 15 ರೂಪಾಯಿಯಂತೆ 120 ಕ್ಲಿಕ್, ಖರ್ಚು 1,800. ಮೊದಲನೆಯದರಲ್ಲಿ 22 ರೂಪಾಯಿಯಂತೆ 140 ಕ್ಲಿಕ್, ಖರ್ಚು 3,080.

ಅವನಿಗೆ ನೂರು ಕ್ಲಿಕ್‌ಗೆ ಇಬ್ಬರು ಸೇರ್ತಾರೆ. ಪಾಠದ ಖರ್ಚು ಕಳೆದು ಒಬ್ಬರಿಂದ 2,000 ರೂಪಾಯಿ ಉಳಿಯುತ್ತೆ. ಅಂದರೆ ಒಂದು ಕ್ಲಿಕ್‌ನ ಬೆಲೆ ಸರಾಸರಿ 40 ರೂಪಾಯಿ. "40 ಬರೋ ಕಡೆ 22 ಕೊಟ್ರೆ ಲಾಭಾನೇ ಅಲ್ವಾ?" ಅಂತ ಯಾರಿಗಾದರೂ ಅನಿಸುತ್ತೆ. ಮೋಸ ಹೋಗೋದು ಇಲ್ಲೇ.

ಎರಡರಿಂದ ಒಂದಕ್ಕೆ ಏರಿದಾಗ ಹೆಚ್ಚು ಸಿಕ್ಕಿದ್ದು 20 ಕ್ಲಿಕ್, ಹೆಚ್ಚು ಕೊಟ್ಟಿದ್ದು 1,280 ರೂಪಾಯಿ. ಆ ಒಂದೊಂದು ಕ್ಲಿಕ್‌ಗೂ 64 ರೂಪಾಯಿ! ಯಾಕೆಂದರೆ ಮೊದಲು 15ಕ್ಕೇ ಸಿಗ್ತಿದ್ದ 120 ಕ್ಲಿಕ್‌ಗಳಿಗೂ ಈಗ 22 ಕೊಡ್ತಿದ್ದೀವಿ. ವಾರದ ಉಳಿಕೆ ನೋಡಿ: ಮೂರನೇ ಸ್ಥಾನದಲ್ಲಿ 2,800, ಎರಡನೆಯದರಲ್ಲಿ 3,000, ಮೊದಲನೆಯದರಲ್ಲಿ 2,520.

ಮೇಲಿನ ಜಾಹೀರಾತು ಒತ್ತಿದವರು ಹೆಚ್ಚಾಗಿ ಸೇರ್ತಾರೆ ಅನ್ನೋ ನಂಬಿಕೆಯೂ ಇದೆ. ಗೂಗಲ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಹಾಲ್ ವೇರಿಯನ್ 2009ರಲ್ಲೇ ಬರೆದಂತೆ, ಸ್ಥಾನ ಬದಲಾದರೂ ಆ ಪ್ರಮಾಣ ಅಷ್ಟೇನೂ ಬದಲಾಗಲ್ಲ.

ಗೂಗಲ್ ಜಾಹೀರಾತಿನಲ್ಲಿ Target impression share ಅನ್ನೋ ಆಯ್ಕೆ ಇದೆ. ಅದರಲ್ಲಿ ತುತ್ತತುದಿಯ ಸ್ಥಾನವನ್ನೇ ಗುರಿ ಮಾಡಿದರೆ, ಯಂತ್ರ ಆ ಸ್ಥಾನ ಹಿಡಿಯಲು ಬಿಡ್ ಏರಿಸುತ್ತೆ. ನಿಮ್ಮ ಲಾಭ ಅದರ ಲೆಕ್ಕದಲ್ಲೇ ಇಲ್ಲ. ಬಳಸಲೇಬೇಕಾದರೆ ಗರಿಷ್ಠ ಬಿಡ್‌ಗೆ ಮಿತಿ ಹಾಕಿ.

ಮೊದಲ ಸ್ಥಾನ ಯಾವತ್ತೂ ದಂಡ ಅಂತಲ್ಲ. ಜನ ನಿಮ್ಮ ಸಂಸ್ಥೆಯ ಹೆಸರನ್ನೇ ಟೈಪ್ ಮಾಡಿ ಹುಡುಕುವಾಗ ಅದು ಸಾಮಾನ್ಯವಾಗಿ ಅಗ್ಗಕ್ಕೇ ಸಿಗುತ್ತೆ. ಒಂದೊಂದು ವಾರದ ಅಂಕಿಯೂ ಕೊನೆಯ ಮಾತಲ್ಲ. ಅರ್ಜಿ ಕರೆದ ವಾರ ಹುಡುಕಾಟವೇ ಏರಿರುತ್ತೆ. ಅದಕ್ಕೇ ಸ್ಥಾನಗಳನ್ನು ಅದಲುಬದಲು ಮಾಡಿ ಮತ್ತೆ ಅಳೀತಿದ್ದೇವೆ.

ಗೆಳೆಯ ಸದ್ಯ ಎರಡನೇ ಸ್ಥಾನಕ್ಕೆ ಒಪ್ಪಿದ್ದಾನೆ. ಅವನು ಮೇಲೇರಿದ್ದರೆ ಎದುರಿನ ಸೆಂಟರ್‌ನವರೂ ಏರಿಸ್ತಿದ್ದರು. ಆ ಪೈಪೋಟಿಯ ದುಡ್ಡು ಗೂಗಲ್‌ಗೆ ಹೋಗ್ತಿತ್ತು, ಕೊನೆಗೆ ಹುಡುಗರ ಫೀಸಿಗೆ ಸೇರ್ತಿತ್ತು.