‘ಗೇರ್‌ಬಾಕ್ಸ್ ಇಳಿಸಬೇಕು ಸಾರ್!’

ಹೊಸದಾಗಿ ಕಾರು ಕೊಂಡವರ ಎದೆ ಧಸಕ್ಕೆನ್ನುವ ಮಾತೊಂದು ಗ್ಯಾರೇಜಿನಲ್ಲಿದೆ: ‘ಗೇರ್‌ಬಾಕ್ಸ್ ಇಳಿಸಬೇಕು ಸಾರ್.’ ಕೇಳಿದವರು ಗೇರ್‌ಬಾಕ್ಸೇ ಹೋಯಿತೆಂದುಕೊಂಡು ಮನೆಗೆ ಫೋನು ಹಚ್ಚುತ್ತಾರೆ. ಎಷ್ಟೋ ಸಲ ಹೋಗಿರುವುದು ಕ್ಲಚ್. ಅದನ್ನು ಮುಟ್ಟಲು ಗೇರ್‌ಬಾಕ್ಸ್ ಅಡ್ಡ ಕೂತಿದೆ, ಅಷ್ಟೆ.

ನನ್ನ ತಂಗಿಯ ಮಗನಿಗೆ ಆದದ್ದೂ ಇದೇ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ಒಳಗೆ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಉಜಿರೆಯಿಂದ ಹೊರಟು ಚಾರ್ಮಾಡಿ ಘಾಟಿ ಹತ್ತುವಾಗ ಅರ್ಧದಲ್ಲಿ ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಭೋರೆನ್ನುತ್ತಿತ್ತು, ಕಾರು ಮಾತ್ರ ಮೊದಲಿನ ವೇಗದಲ್ಲೇ ತೆವಳುತ್ತಿತ್ತು. ಜೊತೆಗೆ ಏನೋ ಸುಟ್ಟ ವಾಸನೆ. ಹೇಗೋ ಕೊಟ್ಟಿಗೆಹಾರ ಮುಟ್ಟಿ, ತಣ್ಣಗಾದ ಮೇಲೆ ಮೆಲ್ಲಗೆ ಮೂಡಿಗೆರೆಗೆ ತಂದ. ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ ನೋಡಿ ಮೂರೇ ಮಾತು ಹೇಳಿದ: ‘ಪ್ಲೇಟ್ ಸುಟ್ಟಿದೆ. ಗೇರ್‌ಬಾಕ್ಸ್ ಇಳಿಸಬೇಕು. ಸೆಟ್ ಹಾಕ್ಬಿಡೋಣ.’ ಈ ಮೂರು ಮಾತನ್ನು ಬಿಡಿಸಿ ನೋಡಿದರೆ ಕಾರಿನ ಅರ್ಧ ಒಳಗುಟ್ಟು ತಿಳಿಯುತ್ತದೆ.

ಎಂಜಿನ್ ಒಮ್ಮೆ ಶುರುವಾದರೆ ತಿರುಗುತ್ತಲೇ ಇರುತ್ತದೆ. ಚಕ್ರ ಹಾಗಲ್ಲ, ಸಿಗ್ನಲ್ಲಿನಲ್ಲಿ ನಿಲ್ಲಬೇಕು, ಮತ್ತೆ ಹೊರಡಬೇಕು. ಎರಡರ ನಡುವೆ ಬೇಕೆಂದಾಗ ಕೂಡಿಸಿ ಬೇಡವೆಂದಾಗ ಬಿಡಿಸುವ ಕೆಲಸ ಕ್ಲಚ್ಚಿನದು. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರವಿದೆ. ಅದಕ್ಕೆ ಕ್ಲಚ್ ಪ್ಲೇಟನ್ನು ಗಟ್ಟಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್ ಒತ್ತಿ ಹಿಡಿದಿರುತ್ತದೆ. ನೀವು ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಹೋಗಿ ಆ ಸ್ಪ್ರಿಂಗನ್ನು ತಳ್ಳುತ್ತದೆ, ಹಿಡಿತ ಸಡಿಲುತ್ತದೆ, ಎಂಜಿನ್ ಒಂದೇ ತಿರುಗುತ್ತದೆ. ಕಾಲು ತೆಗೆದರೆ ಮತ್ತೆ ಹಿಡಿತ. ಅಂದರೆ ಪೆಡಲ್ ತುಳಿಯುವುದು ಕ್ಲಚ್ಚನ್ನು ಬಿಡಿಸಲು, ಹಿಡಿಸಲು ಅಲ್ಲ. ಇದು ತಲೆಗೆ ಹೋದರೆ ಉಳಿದದ್ದು ಸುಲಭ.

ಪೂರ್ತಿ ತುಳಿದಾಗ ಪ್ಲೇಟ್ ಸವೆಯುವುದಿಲ್ಲ, ಪೂರ್ತಿ ಬಿಟ್ಟಾಗಲೂ ಇಲ್ಲ. ಸವೆಯುವುದು ನಡುವೆ, ಹಾಫ್ ಕ್ಲಚ್ ಎನ್ನುತ್ತಾರಲ್ಲ, ಅಲ್ಲಿ. ಆಗ ಎರಡು ಮೈಗಳು ಬೇರೆ ಬೇರೆ ವೇಗದಲ್ಲಿ ಒಂದಕ್ಕೊಂದು ಉಜ್ಜಿಕೊಂಡು, ಗಂಧದ ಕೊರಡು ತೇದಂತೆ ಪ್ಲೇಟ್ ಒಂದಿಷ್ಟು ಕರಗುತ್ತದೆ. ಹೊರಡುವಾಗ ಇದು ಅನಿವಾರ್ಯ. ಆದರೆ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಲ್ಲಿಸುವುದು, ಓಡುತ್ತಿರುವಾಗಲೂ ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇರುವುದು, ಇವೆರಡೂ ಪ್ಲೇಟಿಗೆ ಶತ್ರು. ಹದವಾಗಿ ಓಡಿಸುವವರ ಕ್ಲಚ್ 80 ಸಾವಿರ ಕಿಲೋಮೀಟರ್ ದಾಟುವುದುಂಟು, 25 ಸಾವಿರಕ್ಕೇ ಮುಗಿಯುವುದೂ ಉಂಟು. ಹುಡುಗ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತದ್ದು ಹಾಫ್ ಕ್ಲಚ್ಚಿನಲ್ಲೇ. ಕಾರು ಆಫ್ ಆಗದಿದ್ದರೆ ಸಾಕು ಎಂಬುದು ಅಲ್ಲಿಯ ಪಾಠ.

ಪ್ಲೇಟ್ ಜಾರುತ್ತಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಒಂಚೂರು ಎಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಒಳ್ಳೆಯ ಕ್ಲಚ್ ಆದರೆ ಎಂಜಿನ್ ಕೆಮ್ಮಿ ಆಫ್ ಆಗುತ್ತದೆ. ಪೆಡಲ್ ಪೂರ್ತಿ ಬಿಟ್ಟ ಮೇಲೂ ಎಂಜಿನ್ ಆರಾಮಾಗಿ ಓಡುತ್ತಿದ್ದರೆ ಪ್ಲೇಟ್ ಜಾರುತ್ತಿದೆ. ಒಮ್ಮೆ ಮಾಡಿ ಬಿಡಿ. ನೆಂಟರಿಗೆಲ್ಲ ತೋರಿಸಲು ಹೋದರೆ ಉಳಿದ ಪ್ಲೇಟೂ ಅಲ್ಲೇ ಸುಡುತ್ತದೆ.

ಇನ್ನು ‘ಇಳಿಸಬೇಕು’ ಎಂಬ ಮಾತು. ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಸಂದಿಯಲ್ಲಿ. ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ಇಳಿಸಿ, ಚಕ್ರಕ್ಕೆ ಹೋಗುವ ಎರಡೂ ಆಕ್ಸಲ್ ಬಿಚ್ಚಿ, ಪೆಟ್ಟಿಗೆಯನ್ನೇ ಸರಿಸಿ ಕೆಳಗಿಳಿಸಿದರೆ ಮಾತ್ರ ಪ್ಲೇಟ್ ಕಾಣುತ್ತದೆ. ಬಿಲ್ಲಿನಲ್ಲಿ ಕೂಲಿ ಅಷ್ಟೊಂದು ಕಾಣುವುದು ಅದಕ್ಕೇ. ಪ್ಲೇಟ್ ಒಂದನ್ನೇ ಬದಲಿಸಿ, ಆರು ತಿಂಗಳಿಗೆ ಬೇರಿಂಗ್ ಕಿರುಗುಟ್ಟಿದರೆ ಅದೇ ಕೂಲಿ ಮತ್ತೆ ಕೊಡಬೇಕು. ಹಾಗಾಗಿ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕುತ್ತಾರೆ. ಅದೇ ‘ಸೆಟ್’. ಮೆಕ್ಯಾನಿಕ್ ಇಲ್ಲಿ ಮೋಸ ಮಾಡುತ್ತಿಲ್ಲ. ಆದರೆ ಹಳೆಯ ಪ್ಲೇಟ್ ಕೇಳಿ ಪಡೆದು ನೋಡಿ. ಉಜ್ಜುವ ಪದರ ರಿವೆಟ್ಟಿನ ತಲೆಗೆ ಸಮವಾಗಿ ಬಂದಿದ್ದರೆ ಸವೆದಿರುವುದು ನಿಜ. ಪದರ ಇನ್ನೂ ದಪ್ಪಗಿದ್ದು ಎಣ್ಣೆಯಲ್ಲಿ ನೆಂದಿದ್ದರೆ ಕತೆ ಬೇರೆ: ಎಣ್ಣೆ ಸೀಲ್ ಸೋರುತ್ತಿದೆ. ಅದನ್ನು ಬಿಟ್ಟು ಹೊಸ ಸೆಟ್ ಹಾಕಿದರೆ ಅದೂ ಜಾರುತ್ತದೆ.

ನಿಜವಾಗಿಯೂ ಗೇರ್‌ಬಾಕ್ಸ್ ಕೆಟ್ಟಿದ್ದರೆ? ಆಗ ಕಿವಿಗೆ ಕೆಲಸ. ಯಾವ ಗೇರ್ ಹಾಕಿದರೂ, ಅದರಲ್ಲೂ ರಿವರ್ಸ್, ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಎಣ್ಣೆ ಒತ್ತಡದ ಕ್ಲಚ್ಚಾದರೆ ಎಣ್ಣೆ ಸೋರಿರಬಹುದು. ಒಂದೇ ಒಂದು ಗೇರ್, ಉದಾಹರಣೆಗೆ ಸೆಕೆಂಡ್, ಮಾತ್ರ ಕರಕರ ಎನ್ನುತ್ತಿದ್ದರೆ ತೊಂದರೆ ಪೆಟ್ಟಿಗೆಯೊಳಗಿನದು. ಆ ಗೇರಿನ ವೇಗವನ್ನು ಹೊಂದಿಸಿ ಕೂಡಿಸುವ ರಿಂಗ್ ಸವೆದಿರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುವಾಗ ಬರುವ ಗುರ್ ಶಬ್ದ ಪೆಡಲ್ ತುಳಿದೊಡನೆ ನಿಂತರೆ ಗೇರ್‌ಬಾಕ್ಸಿನ ಬೇರಿಂಗನ್ನು ಸಂಶಯಿಸಬೇಕು. ತುಳಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್.

ಹುಡುಗನ ಕಾರಿಗೆ ಇನ್ನೊಂದು ದೂರಿತ್ತು, ಎಡಕ್ಕೆ ಎಳೆಯುತ್ತದೆ ಎಂದು. ಗ್ಯಾರೇಜಿನ ಚಿಕ್ಕ ಹುಡುಗ ‘ಅಲೈನ್‌ಮೆಂಟ್ ಮಾಡಿಸಿ’ ಎಂದ. ಮೆಕ್ಯಾನಿಕ್ ಮೊದಲು ಗಾಳಿ ನೋಡಿದ. ಮೂರು ಟೈರಿನಲ್ಲಿ 32, ಮುಂದಿನ ಎಡಗಡೆಯದರಲ್ಲಿ 22. ಸಾಬೂನು ನೀರು ಸುರಿದರೆ ಪಟ್ಟಿಯ ನಡುವೆ ಒಂದು ಮೊಳೆಯ ಬುಡದಲ್ಲಿ ಗುಳ್ಳೆ. ಟ್ಯೂಬ್‌ಲೆಸ್ ಟೈರ್ ಪಂಕ್ಚರ್ ಆದರೆ ಹೀಗೇ, ಒಮ್ಮೆಲೇ ಕೂರುವುದಿಲ್ಲ, ದಿನಗಟ್ಟಲೆ ಸೋರುತ್ತದೆ. ದಾರಿಯಲ್ಲಿ ಮೊಳೆ ಕಂಡರೆ ಕೀಳಬೇಡಿ, ಸದ್ಯಕ್ಕೆ ಅದೇ ಬಿರಡೆ. ಗಾಳಿ ಹಾಕಿಸಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿಗೆ ಹೋಗಿ. ನೆಲಕ್ಕೆ ತಾಗುವ ಪಟ್ಟಿಯಲ್ಲಿ ತೂತಾದರೆ ರಿಪೇರಿ ಆಗುತ್ತದೆ. ಪಕ್ಕದ ಗೋಡೆ ಹರಿದರೆ ಟೈರನ್ನೇ ಬದಲಿಸಬೇಕು.

ಗಾಳಿ ಸರಿಯಿದ್ದೂ ಎಳೆಯುತ್ತಿದ್ದರೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಂತರೆ, ಟೈರಿನ ಒಂದೇ ಅಂಚು ಸವೆದಿದ್ದರೆ, ಅಲೈನ್‌ಮೆಂಟಿನ ಮಾತು ಬರುತ್ತದೆ. ಚಕ್ರಗಳು ನೋಡುವ ದಿಕ್ಕನ್ನೂ ನಿಲ್ಲುವ ವಾಲನ್ನೂ ಕಂಪನಿ ಹೇಳಿದ ಕೋನಕ್ಕೆ ತರುವುದು ಅದು. ಸ್ವಲ್ಪ ಎಡಕ್ಕೆ ಹೋಗುವುದು ದೋಷವಲ್ಲ. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳ ಎಡ ಅಂಚು ಇಳಿಜಾರಾಗಿರುತ್ತದೆ. 80ರ ವೇಗ ದಾಟಿದಾಗ ಸ್ಟೀರಿಂಗ್ ನಡುಗಿದರೆ ಬೇಕಿರುವುದು ಹೆಚ್ಚಾಗಿ ಬ್ಯಾಲೆನ್ಸಿಂಗ್, ಅಂದರೆ ರಿಮ್ಮಿಗೆ ಸಣ್ಣ ತೂಕ ಅಂಟಿಸುವ ಬೇರೆಯದೇ ಕೆಲಸ.

ಅಲೈನ್‌ಮೆಂಟ್ ಮಾಡಿಸಿದರೆ ಮೊದಲಿನ ಮತ್ತು ನಂತರದ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ದುಡ್ಡು ಕೊಡುವ ಮುಂಚೆ ಹತ್ತಿರದ ನೇರ ರಸ್ತೆಯಲ್ಲಿ ಒಮ್ಮೆ ಓಡಿಸಿ. ಸ್ಟೀರಿಂಗ್ ಇನ್ನೂ ಓರೆಯಿದ್ದರೆ ಅಲ್ಲಿಂದಲೇ ತಿರುಗಿಸಿಕೊಂಡು ಹೋಗಿ ಮತ್ತೆ ಮೆಷಿನ್ ಮೇಲೆ ಹತ್ತಿಸಿ.